ಇಟ್ಟಿಗೆ ಬಣ್ಣಕ್ಕೆ ತಿರುಗಿದ ಮದುವೆ ಫೋಟೊ: ಒಂದು ಪ್ರಿಂಟನ್ನು ಸರಿಪಡಿಸಿದ ಬಗೆ

ಫೋಟೊ 1978ರ ಒಂದು ಮದುವೆಯದು. ಮೂರೂವರೆ ಇಂಚು ಅಗಲ, ಐದು ಇಂಚು ಉದ್ದ, ಸುತ್ತಲೂ ಬಿಳಿ ಅಂಚು. ದೇವಸ್ಥಾನದ ಕಲ್ಲುಕಂಬದ ಪಕ್ಕ ಗಂಡು ಹೆಣ್ಣು ನಿಂತಿದ್ದಾರೆ, ಅವರ ಆಚೀಚೆ ಮನೆಯವರು ನಾಲ್ವರು, ತಲೆಯ ಮೇಲೆ ಮಾವಿನ ತೋರಣ. ಈಗ ಅದನ್ನು ಕೈಗೆತ್ತಿಕೊಂಡರೆ ಮೊದಲು ಕಾಣುವುದು ಇಟ್ಟಿಗೆ ಬಣ್ಣ. ಕೂದಲು ಕಂದುಗೆಂಪು, ಮಾವಿನೆಲೆ ಒಣಗಿ ವಾರವಾದಂತೆ ಕಂದು, ಬೂದುಬಣ್ಣದ ಕಂಬ ಕೆಮ್ಮಣ್ಣು ಬಳಿದಂತಿದೆ. ಬಿಳಿಯಾಗಿರಬೇಕಿದ್ದ ಅಂಚು ತೆಳುವಾಗಿ ಹಳದಿ ಹಿಡಿದಿದೆ. ಇಷ್ಟಾದರೂ ಹಣೆಯ ಕುಂಕುಮ ಮಾತ್ರ ಕೆಂಪಾಗಿಯೇ ಉಳಿದಿದೆ. ಆಗಿರುವುದೇನು ಎಂಬುದಕ್ಕೆ ಅದೇ ಸುಳಿವು.

ಬಣ್ಣದ ಪ್ರಿಂಟಿನಲ್ಲಿ ನೀಲಿಹಸಿರಾದ ಸಯಾನ್, ಗಾಢ ಗುಲಾಬಿಯಾದ ಮಜೆಂಟಾ, ಹಳದಿ ಎಂಬ ಮೂರು ಬಣ್ಣಗಳ ಪದರಗಳು ಒಂದರ ಮೇಲೊಂದು ಕೂತಿರುತ್ತವೆ. 1970ರ ದಶಕದ ಕಾಗದಗಳಲ್ಲಿ ಇವುಗಳ ಪೈಕಿ ಸಯಾನ್ ತುಂಬ ದುರ್ಬಲ. ಬೆಳಕು ಬೀಳದ ಟ್ರಂಕಿನೊಳಗೆ ಆಲ್ಬಮ್ ಮುಚ್ಚಿಟ್ಟಿದ್ದರೂ ಬರೀ ಸೆಕೆ, ತೇವಗಳಿಗೇ ಅದು ಕರಗುತ್ತ ಹೋಗುತ್ತದೆ. ಸಯಾನ್ ಮಾಡುತ್ತಿದ್ದ ಕೆಲಸ ಕೆಂಪು ಬೆಳಕನ್ನು ತಡೆಯುವುದು. ಅದು ಹೋದಾಗ ಉಳಿದ ಮಜೆಂಟಾ ಮತ್ತು ಹಳದಿ ಸೇರಿ ಎಲ್ಲವನ್ನೂ ಕೆಂಪಾಗಿ ತೋರಿಸುತ್ತವೆ. ಹಳದಿ ಪದರವೂ ಸ್ವಲ್ಪ ಹೋಗಿದ್ದರೆ ಚಿತ್ರ ಮಜೆಂಟಾ ಕಡೆಗೆ ವಾಲುತ್ತದೆ. ಹಳದಿ ಗಟ್ಟಿಯಾಗಿ ಉಳಿದು, ಜೊತೆಗೆ ಕಾಗದಕ್ಕೇ ಹಳದಿ ಕಲೆ ಹಿಡಿದಿದ್ದರೆ ಕಿತ್ತಳೆ ಕಡೆಗೆ. ನಮ್ಮದು ಎರಡನೆಯ ಜಾತಿ. ಕುಂಕುಮದ ಕೆಂಪಿನಲ್ಲಿ ಮೊದಲೇ ಸಯಾನ್ ಇರಲಿಲ್ಲವಾದ್ದರಿಂದ ಅಲ್ಲಿ ಕಳೆದುಕೊಳ್ಳಲು ಏನೂ ಇರಲಿಲ್ಲ.

ಇದರಲ್ಲಿ ಮುಖ್ಯವಾದ ಸಂಗತಿ ಒಂದಿದೆ. ಸಯಾನ್ ಎಲ್ಲ ಕಡೆ ಒಂದೇ ಅಳತೆಯಷ್ಟು ಹೋಗಿಲ್ಲ, ಎಲ್ಲಿ ಹೆಚ್ಚಿತ್ತೋ ಅಲ್ಲಿ ಹೆಚ್ಚು ಹೋಗಿದೆ. ಕಪ್ಪು ಕೂದಲಿನಲ್ಲಿ ಸಯಾನ್ ದಟ್ಟವಾಗಿತ್ತು, ಅಲ್ಲಿ ನಷ್ಟ ದೊಡ್ಡದು. ಬಿಳಿ ಪಂಚೆಯಲ್ಲಿ ಸಯಾನ್ ಇದ್ದದ್ದೇ ಚೂರು, ಅಲ್ಲಿ ನಷ್ಟವೂ ಚೂರು. ಆದ್ದರಿಂದ ಈ ಕೆಂಪನ್ನು ಚಿತ್ರದ ಮೇಲೆ ಹಾಸಿದ ಬಣ್ಣದ ಗಾಜುಕಾಗದ ಎಂದುಕೊಂಡು, ಒಂದೇ ಸ್ಲೈಡರ್ ಎಳೆದು ಇಡೀ ಚಿತ್ರಕ್ಕೆ ಸಯಾನ್ ಸುರಿದರೆ ಕೆಲಸ ಕೆಡುತ್ತದೆ. ಕೂದಲು ಸರಿಹೋಗುವಷ್ಟು ಸುರಿಯುವ ಹೊತ್ತಿಗೆ ಪಂಚೆ ನೀಲಿಹಸಿರಾಗಿರುತ್ತದೆ. ಪಂಚೆ ಬಿಳಿಯಾದಲ್ಲಿಗೆ ನಿಲ್ಲಿಸಿದರೆ ಕೂದಲು ಕೆಂಪಾಗಿಯೇ ಇರುತ್ತದೆ. ಫೋನಿನ ಆಪ್‌ಗಳಲ್ಲಿರುವ ‘ಟೆಂಪರೇಚರ್’, ‘ಟಿಂಟ್’ ಸ್ಲೈಡರ್‌ಗಳು ಈ ಫೋಟೊಗಳ ಮುಂದೆ ಸೋಲುವುದು ಇದಕ್ಕೇ.

ಹಳದಿ ಕಲೆಯ ಸ್ವಭಾವ ಇದಕ್ಕೆ ವಿರುದ್ಧ. ಅದು ಕಾಗದಕ್ಕೆ ಹಿಡಿದದ್ದು, ಹಾಗಾಗಿ ಬಿಳಿಯಲ್ಲೇ ಎದ್ದು ಕಾಣುತ್ತದೆ. ಒಟ್ಟಿನಲ್ಲಿ ಕಪ್ಪಿನ ತುದಿಯಲ್ಲಿ ಕಾಣುವುದು ಬಣ್ಣ ಹಾರಿದ ನಷ್ಟ, ಬಿಳಿಯ ತುದಿಯಲ್ಲಿ ಕಾಣುವುದು ಕಲೆ. ಎರಡನ್ನೂ ಬೇರೆ ಬೇರೆಯಾಗಿ, ಅದೂ ಡಿಜಿಟಲ್ ಚಿತ್ರ ಬೇರೆ ಬೇರೆಯಾಗಿ ಬರೆದಿಡುವ ಕೆಂಪು, ಹಸಿರು, ನೀಲಿ ಬೆಳಕಿನ ಅಳತೆಗಳಾದ ಚಾನೆಲ್‌ಗಳಲ್ಲಿ ಒಂದೊಂದರಲ್ಲೂ ಪ್ರತ್ಯೇಕವಾಗಿ ಸರಿಪಡಿಸಬೇಕು. ಮುಂದೆ ಮಾಡಿದ್ದೆಲ್ಲ ಈ ಒಂದು ಮಾತಿನ ವಿಸ್ತಾರ.

ಸ್ಕ್ಯಾನ್ ಮಾಡುವಾಗ ಸರಿಪಡಿಸುವ ಆಸೆಯನ್ನೇ ಬಿಡಬೇಕು. ಆ ಹಂತದ ಕೆಲಸ ಪ್ರಿಂಟಿನಲ್ಲಿ ಉಳಿದದ್ದನ್ನೆಲ್ಲ ಫೈಲಿಗೆ ತಂದುಕೊಳ್ಳುವುದಷ್ಟೇ. ಫೋಟೊ ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಯ ಕೆಳಗೆ ಅಂಟಿಕೊಂಡಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಬಾರದು, ಆ ಪ್ಲಾಸ್ಟಿಕ್ಕಿಗೂ ತನ್ನದೇ ಹಳದಿ ಇರುತ್ತದೆ. ಹಾಳೆ ಬಿಡಿಸಿ, ಹಲ್ಲು ಶುಚಿಗೊಳಿಸುವ ಫ್ಲಾಸ್ ದಾರವನ್ನು ಫೋಟೊದ ಹಿಂಬದಿಗೆ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿದರೆ ಗೋಂದು ಬಿಡುತ್ತದೆ. ಫೋಟೊದ ಮುಖವೇ ಪ್ಲಾಸ್ಟಿಕ್ಕಿಗೋ ಫ್ರೇಮಿನ ಗಾಜಿಗೋ ಕಚ್ಚಿಕೊಂಡಿದ್ದರೆ ಎಳೆಯಬೇಡಿ. ಬಣ್ಣದ ಪದರವೇ ಕಿತ್ತು ಬರುತ್ತದೆ. ಅಂಥದ್ದನ್ನು ಇದ್ದ ಹಾಗೇ ಸ್ಕ್ಯಾನ್ ಮಾಡುವುದು ಮೇಲು.

ಸ್ಕ್ಯಾನರ್ ತಂತ್ರಾಂಶದಲ್ಲಿ 48 ಬಿಟ್ ಬಣ್ಣ, 600 ಡಿಪಿಐ, TIFF ಫೈಲು. ಈ ಅಳತೆಯ ಪ್ರಿಂಟು 2100 × 3000 ಪಿಕ್ಸೆಲ್‌ಗಳ ಚಿತ್ರವಾಗುತ್ತದೆ, ಫೈಲು ಸುಮಾರು 38 ಎಂಬಿ. 600ಕ್ಕಿಂತ ಮೇಲೆ ಹೋದರೆ ಕಾಗದದ ತರಿ ದೊಡ್ಡದಾಗುತ್ತದೆಯೇ ಹೊರತು ಮುಖ ಸ್ಪಷ್ಟವಾಗುವುದಿಲ್ಲ. 48 ಬಿಟ್ ಎಂದರೆ ಒಂದೊಂದು ಚಾನೆಲ್‌ಗೆ 16 ಬಿಟ್. ಇದರಲ್ಲಿ ಜಿಪುಣತನ ಮಾಡುವಂತಿಲ್ಲ. ಬಣ್ಣ ಹಾರಿದ ಫೋಟೊದ ಕೆಂಪು ಚಾನೆಲ್ ತನ್ನ ಅರ್ಧದಷ್ಟು ಹರವಿನಲ್ಲಿ ಮುದುಡಿಕೊಂಡಿರುತ್ತದೆ, ಅದನ್ನು ಎಳೆದು ಪೂರ್ತಿ ಹರವಿಗೆ ಹಿಗ್ಗಿಸಬೇಕು. 8 ಬಿಟ್‌ನ ಜೆಪೆಗ್‌ನಲ್ಲಿ ಹಾಗೆ ಎಳೆದರೆ ಬೆಳಕಿನ ಮಟ್ಟದ ಮೆಟ್ಟಿಲುಗಳ ನಡುವೆ ತೆರಪು ಬಿದ್ದು, ಖಾಲಿ ಗೋಡೆಯ ಮೇಲೆ, ಕೆನ್ನೆಯ ನೆರಳಿನಲ್ಲಿ ಪಟ್ಟೆಗಳು ಏಳುತ್ತವೆ. ಫೋನಿನಲ್ಲಿ ಕ್ಲಿಕ್ಕಿಸಿದ ಚಿತ್ರಕ್ಕೆ ಈ ತೊಂದರೆಯ ಜೊತೆ ಇನ್ನೊಂದೂ ಇದೆ. ಫೋನು ತಾನೇ ಬಿಳಿಯನ್ನು ಊಹಿಸಿ ಬಣ್ಣ ಬದಲಿಸಿಬಿಟ್ಟಿರುತ್ತದೆ.

ಇನ್ನು ತಂತ್ರಾಂಶದಲ್ಲಿರುವ ಸಹಾಯಗಳು. ಬಣ್ಣವನ್ನು ತಾನೇ ಮರಳಿಸುವ Color Restoration, ಚಿತ್ರವನ್ನು ಚುರುಕಾಗಿಸುವ Unsharp Mask, ತಾನಾಗಿಯೇ ಎಕ್ಸ್‌ಪೋಶರ್ ಹೊಂದಿಸುವ ಆಯ್ಕೆ, ಎಲ್ಲವನ್ನೂ ಆಫ್ ಮಾಡಬೇಕು. ಮೊದಲನೆಯದು ಕೆಲವು ಫೋಟೊಗಳಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಅದು ತಪ್ಪಿದಾಗ ಹಿಂದಕ್ಕೆ ಹೋಗಲು ದಾರಿಯಿಲ್ಲ, ತುದಿಯಲ್ಲಿ ಕತ್ತರಿಸಿಹೋದ ಬಣ್ಣ ಫೈಲಿನಲ್ಲಿರುವುದೇ ಇಲ್ಲ. ಸ್ಕ್ಯಾನ್ ಮುಗಿದ ಕೂಡಲೇ, ಯಾವ ಬೆಳಕಿನ ಮಟ್ಟದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂದು ತೋರಿಸುವ ನಕ್ಷೆಯಾದ ಹಿಸ್ಟೊಗ್ರಾಮ್ ನೋಡಿ. ಮೂರು ಚಾನೆಲ್‌ಗಳ ಗುಡ್ಡಗಳೂ ಎರಡೂ ಗೋಡೆಗಳಿಂದ ದೂರವಿರಬೇಕು. ಕೆಂಪಿನ ಗುಡ್ಡ ಬಲಗೋಡೆಗೆ ಒರಗಿದ್ದರೆ ಮತ್ತೆ ಸ್ಕ್ಯಾನ್ ಮಾಡಬೇಕು. ಬಿಳಿ ಅಂಚನ್ನು ಸ್ಕ್ಯಾನಿನಲ್ಲಿ ಉಳಿಸಿಕೊಳ್ಳಿ, ಕಲೆಯನ್ನು ಅಳೆಯುವುದಕ್ಕೆ ಅದು ಬೇಕು.

ಕೆಲಸ ಶುರುಮಾಡುವ ಮುಂಚೆ ಕಂಪ್ಯೂಟರಿನ ‘ನೈಟ್ ಲೈಟ್’ ಆಫ್ ಮಾಡಿರಿ. ಸಂಜೆಯಾದ ಮೇಲೆ ತೆರೆ ತಾನೇ ಹಳದಿಗೆ ತಿರುಗುವ ಸೌಕರ್ಯವದು. ಅದು ಉರಿಯುತ್ತಿರುವಾಗ ಕಣ್ಣಳತೆಯಲ್ಲಿ ಸರಿಪಡಿಸಿದ ಫೋಟೊ ಮರುದಿನ ಬೆಳಿಗ್ಗೆ ನೀಲಿಗಟ್ಟಿ ಕಾಣುತ್ತದೆ.

GIMP ಉಚಿತವಾಗಿ ಸಿಗುವ ತಂತ್ರಾಂಶ, 2.10ರಿಂದ ಈಚಿನ ಆವೃತ್ತಿಗಳು 16 ಬಿಟ್ ಚಿತ್ರವನ್ನು ಹಾಗೆಯೇ ತೆರೆಯುತ್ತವೆ. ಈ ಫೋಟೊವನ್ನು ಅದರಲ್ಲೇ ಸರಿಪಡಿಸಿದ್ದು. ಕಣ್ಣನ್ನು ನಂಬುವ ಬದಲು ಮೊದಲು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಕಲರ್ ಪಿಕರ್ ಉಪಕರಣದಲ್ಲಿ Sample average ಗುರುತು ಹಾಕಿ, ಹತ್ತು ಪಿಕ್ಸೆಲ್‌ನಷ್ಟು ತ್ರಿಜ್ಯ ಕೊಟ್ಟರೆ ಒಂದು ತರಿಯ ಬಣ್ಣವಲ್ಲ, ಆ ಜಾಗದ ಸರಾಸರಿ ಸಿಗುತ್ತದೆ. ಅಳೆಯಬೇಕಾದದ್ದು ನಿಜದಲ್ಲಿ ಬಣ್ಣವಿಲ್ಲದ ವಸ್ತುಗಳನ್ನು: ಒಂದು ಕಪ್ಪು, ಒಂದು ಬೂದು, ಒಂದು ಬಿಳಿ.

ಕಪ್ಪಿಗೆ ಕೂದಲು ಒಳ್ಳೆಯದು, ಆದರೆ ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಫ್ಲ್ಯಾಷ್ ಹೊಳೆದ ಜಾಗ ಬೇಡ. ಕಿವಿಯ ಹಿಂದೆ, ಜಡೆಯ ಬುಡದ ನೆರಳಿನಲ್ಲಿ ತೆಗೆದುಕೊಳ್ಳಬೇಕು. ಬಿಳಿಯ ಆಯ್ಕೆಯಲ್ಲಿ ನಮ್ಮ ಮದುವೆ ಫೋಟೊಗಳು ಸುಲಭವಾಗಿ ಮೋಸ ಮಾಡುತ್ತವೆ. ಗಂಡಿನ ರೇಷ್ಮೆ ಪಂಚೆ ಬಿಳಿಯಲ್ಲ, ಕೆನೆಬಣ್ಣ. ಅದನ್ನು ಬಿಳಿ ಎಂದು ತೋರಿಸಿದರೆ ಇಡೀ ಚಿತ್ರ ನೀಲಿಗೆ ಜಾರುತ್ತದೆ. ಪಕ್ಕದಲ್ಲಿ ನಿಂತ ಹಿರಿಯರ ಒಗೆದ ಹತ್ತಿಯ ಪಂಚೆ ಸರಿಯಾದ ಆಯ್ಕೆ. ಅದಕ್ಕೂ ನೀಲಿ ಅದ್ದಿರುವ ಸಾಧ್ಯತೆ ಇದೆ ಎಂಬುದು ನೆನಪಿರಲಿ, ಹಾಗಾಗಿ ಕೊನೆಯಲ್ಲಿ ಅದರ ನೀಲಿ ಅಂಕಿ ನಾಲ್ಕೈದು ಹೆಚ್ಚಾಗಿ ಉಳಿದರೆ ತಪ್ಪೇನಿಲ್ಲ. ಬೂದು ಬಣ್ಣಕ್ಕೆ ಕಲ್ಲುಕಂಬ ಸಿಕ್ಕಿದ್ದು ಅದೃಷ್ಟ. ಅದರಲ್ಲೂ ಜನರ ಪಕ್ಕದಲ್ಲೇ ಇದ್ದು ಅದೇ ಫ್ಲ್ಯಾಷ್ ಬಿದ್ದ ಭಾಗವನ್ನೇ ಅಳೆಯಬೇಕು. ಹಿಂದೆ ಗರ್ಭಗುಡಿಯ ಕಡೆ ಬಲ್ಬಿನ ಬೆಳಕಿನಲ್ಲಿರುವ ಕಂಬಗಳು ನಿಜವಾಗಿಯೂ ಹಳದಿ. ಆ ಹಳದಿ ಕಲೆಯಲ್ಲ, ಅವತ್ತಿನ ಬೆಳಕು. ಅದು ಉಳಿಯಬೇಕು.

0ರಿಂದ 255ರ ಮಾನದಲ್ಲಿ, ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ಸಿಕ್ಕ ಅಂಕಿಗಳು ಹೀಗಿದ್ದವು. ಕೂದಲು 109, 44, 38. ಕಂಬ 186, 128, 108. ಹತ್ತಿಯ ಪಂಚೆ 236, 214, 186. ಕಾಗದದ ಬಿಳಿ ಅಂಚು 243, 232, 203. ಬಣ್ಣವಿಲ್ಲದ ವಸ್ತುವಿನಲ್ಲಿ ಮೂರೂ ಅಂಕಿ ಹೆಚ್ಚು ಕಡಿಮೆ ಸಮವಿರಬೇಕಿತ್ತು. ಕೂದಲಿನಲ್ಲಿ ಕೆಂಪಿಗೂ ಹಸಿರಿಗೂ 65ರ ಅಂತರ, ಪಂಚೆಯಲ್ಲಿ ಅದೇ ಅಂತರ ಬರೀ 22. ಮೇಲೆ ಹೇಳಿದ, ದಟ್ಟವಾಗಿದ್ದಲ್ಲಿ ಹೆಚ್ಚು ನಷ್ಟ ಎಂಬ ಮಾತು ಇಲ್ಲಿ ಅಂಕಿಯಾಗಿ ನಿಂತಿದೆ. ಅಂಚಿನಲ್ಲಿ ನೀಲಿ 203ಕ್ಕೆ ಇಳಿದಿರುವುದು ಹಳದಿ ಕಲೆ.

ತಿದ್ದುವ ಉಪಕರಣ Colors → Levels. ಅದರ ಮೇಲ್ಭಾಗದ Channel ಪಟ್ಟಿಯಲ್ಲಿ Value ಬದಲು Red, Green, Blue ಒಂದೊಂದನ್ನೇ ಆರಿಸಿಕೊಳ್ಳಬೇಕು. ಒಂದೊಂದಕ್ಕೂ ಹಿಸ್ಟೊಗ್ರಾಮಿನ ಕೆಳಗೆ ಎಳೆಯಬಹುದಾದ ಮೂರು ಪುಟ್ಟ ತ್ರಿಕೋನ ಗುಬ್ಬಿಗಳು: ಎಡಗಡೆಯದು ಯಾವ ಅಂಕಿಯನ್ನು ಸೊನ್ನೆ ಮಾಡಬೇಕೆಂದು ಹೇಳುತ್ತದೆ, ಬಲಗಡೆಯದು ಯಾವುದನ್ನು 255 ಮಾಡಬೇಕೆಂದು, ನಡುವಿನದು ಮಧ್ಯದ ಬೆಳಕನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ನಡುವಿನದು 1.00ಕ್ಕಿಂತ ಕಡಿಮೆಯಾದರೆ ಆ ಚಾನೆಲ್ ಕಪ್ಪಾಗುತ್ತದೆ. 16 ಬಿಟ್ ಚಿತ್ರದಲ್ಲಿ GIMP ಎಡ ಬಲದ ಅಂಕಿಗಳನ್ನು 0ರಿಂದ 100ರ ಮಾನದಲ್ಲಿ ತೋರಿಸುತ್ತದೆ. ನಮ್ಮ ಅಂಕಿಯನ್ನು 2.55ರಿಂದ ಭಾಗಿಸಿ ಬರೆದರಾಯಿತು.

ಬಿಳಿಯ ತುದಿಗೆ ಕಾಗದದ ಅಂಚನ್ನೇ ಅಳತೆಗೋಲು ಮಾಡಿಕೊಳ್ಳೋಣ ಎಂದು ಯಾರಿಗಾದರೂ ತೋಚುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ಸಾಲದು. ಎಡಗುಬ್ಬಿಗಳನ್ನು ಕೂದಲಿನ ಅಂಕಿಗಿಂತ ತುಸು ಕೆಳಗೆ 104, 38, 32ರಲ್ಲಿ ಇಟ್ಟು, ಬಲಗುಬ್ಬಿಗಳನ್ನು ಅಂಚಿನ 243, 232, 203ಕ್ಕೆ ಕೂರಿಸಿದಾಗ ಪಂಚೆ 242, 231, 230 ಆಯಿತು. ಎಂದರೆ ತೆಳು ಗುಲಾಬಿ. ಅಂಚಿನಲ್ಲಿ ಬಣ್ಣವೇ ಇರಲಿಲ್ಲ, ಅದು ಕಲೆಯನ್ನಷ್ಟೇ ಹೇಳುತ್ತದೆ. ಪಂಚೆಯಲ್ಲಿ ಚೂರಾದರೂ ಸಯಾನ್ ಇತ್ತು, ಅದು ಹೋಗಿದೆ. ಆದ್ದರಿಂದ ಚಿತ್ರದೊಳಗಿನ ಬಿಳಿಯನ್ನೇ ಹಿಡಿಯಬೇಕು. ಹಾಗೆಂದು ಪಂಚೆಯನ್ನು 255ಕ್ಕೆ ಮುಟ್ಟಿಸಬಾರದು, ಮಡಿಕೆಗಳೆಲ್ಲ ಅಳಿಸಿ ಕಾಗದದ ತುಂಡು ಅಂಟಿಸಿದಂತೆ ಕಾಣುತ್ತದೆ. 240 ಸಾಕು. ಅದಕ್ಕೆ ಬೇಕಾದ ಬಲಗುಬ್ಬಿಗಳು 244, 225, 196. ಅಂಚು ಇದರಿಂದ ಹೆಚ್ಚು ಕಡಿಮೆ ಪೂರ್ತಿ ಬಿಳಿಯಾಗುತ್ತದೆ, ಆಗಲಿ.

ಇಷ್ಟಾದಾಗ ಕೂದಲು 9, 8, 9ಕ್ಕೆ ಬಂತು, ಪಂಚೆ ಮೂರರಲ್ಲೂ 240. ಎರಡೂ ತುದಿ ಸರಿ. ಆದರೂ ಚಿತ್ರ ಇನ್ನೂ ಕೆಂಪು, ಮುಖಗಳಂತೂ ಬಿಸಿಲಿಗೆ ಬೆಂದಂತಿದ್ದವು. ಕಂಬವನ್ನು ಅಳೆದರೆ 149, 123, 118. ಅನೇಕರು ಕೈಬಿಡುವುದು ಈ ಘಟ್ಟದಲ್ಲಿ. ತುದಿಗಳು ಸರಿಯಿದ್ದ ಮೇಲೂ ನಡುವೆ ಕೆಂಪು ಉಳಿದದ್ದನ್ನು ಕಂಡು, ಎಡಗುಬ್ಬಿಯನ್ನು ಮತ್ತೂ ಬಲಕ್ಕೆ ತಳ್ಳಿ ನೆರಳನ್ನು ನೀಲಿಹಸಿರು ಮಾಡಿಕೊಳ್ಳುತ್ತಾರೆ. ಮಧ್ಯದ ಕೆಂಪಿಗೆ ಮದ್ದು ಮಧ್ಯದ ಗುಬ್ಬಿ. ಬಣ್ಣ ತನ್ನ ದಟ್ಟಣೆಗೆ ತಕ್ಕಂತೆ ಹಾರಿರುವುದರಿಂದ ಕೆಂಪು ಚಾನೆಲ್‌ನ ರೇಖೆ ಬಾಗಿರುತ್ತದೆ, ಎರಡು ತುದಿ ಹಿಡಿದು ಎಳೆದ ಮಾತ್ರಕ್ಕೆ ಆ ಬಾಗು ಹೋಗುವುದಿಲ್ಲ. ಸಯಾನ್ ಕಳೆದುಕೊಂಡ ಪ್ರಿಂಟುಗಳಲ್ಲಿ ಕೆಂಪಿನ ನಡುಗುಬ್ಬಿ 1.00ಕ್ಕಿಂತ ಕೆಳಗೇ ಇಳಿಯಬೇಕಾಗುತ್ತದೆ.

ಕೆಂಪನ್ನು 0.73, ನೀಲಿಯನ್ನು 1.05 ಮಾಡಿ ಹಸಿರನ್ನು ಮುಟ್ಟದೆ ಬಿಟ್ಟಾಗ ಕಂಬ 123, 123, 123 ಆಯಿತು. ಆದರೆ ನಡುವನ್ನು ಬಗ್ಗಿಸಿದರೆ ತುದಿಯ ಹತ್ತಿರದ ಅಂಕಿಗಳೂ ಸ್ವಲ್ಪ ಜಾರುತ್ತವೆ. ಪಂಚೆ 235, 240, 240ಕ್ಕೆ ಇಳಿದು ನೀಲಿಹಸಿರಿನ ಎಳೆ ಕಂಡಿತು, ಕೂದಲು 3, 8, 11. ಇದನ್ನು ನೋಡಿ ಗಾಬರಿಯಾಗಬೇಕಿಲ್ಲ, ಎರಡನೆಯ ಸುತ್ತು ಇದ್ದೇ ಇರುತ್ತದೆ. ಕೆಂಪಿನ ಎಡಗುಬ್ಬಿಯನ್ನು 104ರಿಂದ 98ಕ್ಕೆ ಹಿಂದೆಗೆದು, ಬಲಗುಬ್ಬಿಯನ್ನು 242 ಮಾಡಿ, ನಡುವನ್ನು 0.68ಕ್ಕೆ ಇಳಿಸಿದಾಗ ಪಂಚೆ ಮತ್ತೆ ಮೂರರಲ್ಲೂ 240, ಕಂಬ 124, 123, 123, ಕೂದಲು 6, 8, 11. ಕೂದಲಿನಲ್ಲಿ ಉಳಿದ ಆ ಚೂರು ನೀಲಿ ಕಪ್ಪು ಕೂದಲಿಗೆ ಒಪ್ಪುತ್ತದೆ. ಮೂರನೆಯ ಸುತ್ತು ಬೇಕಾಗಲಿಲ್ಲ. ಎರಡು ಸುತ್ತಿನಲ್ಲಿ ಮುಗಿಯದಿದ್ದರೆ ಆರಿಸಿಕೊಂಡ ಬೂದು ನಿಜಕ್ಕೂ ಬೂದೇ ಎಂದು ಅನುಮಾನಿಸಿ.

ಇಲ್ಲಿಯವರೆಗೆ ತಿದ್ದಿದ್ದು ಬಣ್ಣವಿಲ್ಲದ ಮೂರು ಜಾಗಗಳನ್ನು ಮಾತ್ರ. ತಿದ್ದಿದ್ದು ಸರಿಯೇ ಎಂಬ ಪರೀಕ್ಷೆ ನಾವು ಮುಟ್ಟದ ಬಣ್ಣಗಳಲ್ಲಿದೆ. ತೋರಣದ ಮಾವಿನೆಲೆ ಸ್ಕ್ಯಾನಿನಲ್ಲಿ 158, 112, 62 ಇತ್ತು, ಕೆಂಪು ಎಲ್ಲಕ್ಕಿಂತ ಮುಂದೆ. ಹಸಿ ಎಲೆಯಲ್ಲಿ ಹಸಿರಿನ ಅಂಕಿ ಕೆಂಪಿಗಿಂತ ದೊಡ್ಡದಿರಲೇಬೇಕು. ತಿದ್ದಿದ ಮೇಲೆ ಅದೇ ಎಲೆ 70, 101, 51. ಹಸಿರು ತಾನಾಗಿಯೇ ಮರಳಿತು, ಯಾರೂ ಬಳಿದದ್ದಲ್ಲ. ಎಲೆ ಇಲ್ಲದ ಫೋಟೊಗಳಲ್ಲಿ ಹೆಣ್ಣಿನ ಹಸಿರು ಗಾಜಿನ ಬಳೆ ಇದೇ ಕೆಲಸಕ್ಕೆ ಬರುತ್ತದೆ.

ಇದಕ್ಕಿಂತ ಕಷ್ಟದ್ದು ಸೀರೆ. ಪಕ್ಕದಲ್ಲಿ ನಿಂತ ಹೆಂಗಸಿನ ಸೀರೆ ಪ್ರಿಂಟಿನಲ್ಲಿ ಕಂದು, ಸ್ಕ್ಯಾನಿನ ಅಂಕಿ 142, 98, 84. ತಿದ್ದಿದ ಮೇಲೆ 45, 82, 85. ಅದು ರಾಮಾ ಗ್ರೀನ್. ಮನೆಯವರಿಗೆ ಕಂದು ಸೀರೆಯ ನೆನಪೇ ಗಟ್ಟಿಯಾಗಿರುತ್ತದೆ, ಏಕೆಂದರೆ ಮೂವತ್ತು ವರ್ಷದಿಂದ ಅವರು ನೋಡುತ್ತಿರುವುದು ಸೀರೆಯನ್ನಲ್ಲ, ಫೋಟೊವನ್ನು. ಹಾಗಾಗಿ ‘ಈ ಬಣ್ಣ ಸರಿಯೇ?’ ಎಂದು ತಿದ್ದಿದ ಫೋಟೊ ತೋರಿಸಿ ಕೇಳಬಾರದು. ಫೋಟೊ ತೋರಿಸುವ ಮುಂಚೆ ‘ಅತ್ತೆ, ಆವತ್ತು ನೀವು ಯಾವ ಸೀರೆ ಉಟ್ಟಿದ್ರಿ?’ ಎಂದು ಕೇಳಬೇಕು. ಮದುವೆಗೆ ಉಟ್ಟ ರೇಷ್ಮೆ ಸೀರೆ ಎಷ್ಟೋ ಮನೆಗಳಲ್ಲಿ ಇನ್ನೂ ಬೀರುವಿನಲ್ಲಿರುತ್ತದೆ. ತೆಗೆದು ಒಳಮಡಿಕೆ ಬಿಡಿಸಿ ಕಿಟಕಿಯ ಬೆಳಕಿನಲ್ಲಿ ನೋಡಿದರೆ ವಾದ ಅಲ್ಲಿಗೆ ಮುಗಿಯುತ್ತದೆ. ವಿಶೇಷವಾಗಿ ನೇರಳೆ ಮತ್ತು ಆನಂದ ನೀಲಿಯ ನಡುವೆ ಈ ವಿಚಾರಣೆ ಬೇಕೇ ಬೇಕು. ಸಯಾನ್ ಹೋದರೆ ನೀಲಿ ಸೀರೆಯೂ ನೇರಳೆಯಾಗುವುದರಿಂದ, ಅರೆಬರೆ ತಿದ್ದಿದ ಫೋಟೊದಲ್ಲಿ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಮುಖದ ಬಣ್ಣ ಕೊನೆಗೆ. ಕೆನ್ನೆಯ ಮೇಲೆ 206, 138, 104 ಇದ್ದದ್ದು 167, 136, 116 ಆಗಿತ್ತು. ಕೆಂಪು ದೊಡ್ಡದು, ಹಸಿರು ನಡು, ನೀಲಿ ಚಿಕ್ಕದು ಎಂಬ ಕ್ರಮ ಸರಿಯಿದೆ, ಆದರೆ ಮುಖ ಸಪ್ಪೆ. ಇದೂ ನಿರೀಕ್ಷಿಸಿದ್ದೇ. ಮೂರು ಬಣ್ಣಗಳೂ ಅಷ್ಟಿಷ್ಟು ತೆಳುವಾಗಿದ್ದವು, ಲೆವೆಲ್ಸ್ ಅವುಗಳನ್ನು ಒಂದಕ್ಕೊಂದು ಹೊಂದಿಸಿತೇ ಹೊರತು ಹೋದ ಗಾಢತೆಯನ್ನು ಪೂರ್ತಿ ಕೊಡಲಿಲ್ಲ. Colors → Saturation ತೆರೆದು Scale ಅನ್ನು 1.0ರಿಂದ 1.2ಕ್ಕೆ ಏರಿಸಿದಾಗ ಜೀವ ಬಂತು. 1.4 ದಾಟಿದರೆ ಕುಂಕುಮ ಮತ್ತು ಸೀರೆಯ ಕೆಂಪು ಅಂಚು ಉರಿಯಲು ಶುರುವಾಗುತ್ತವೆ, ಏಕೆಂದರೆ ಅವು ಹೆಚ್ಚೇನೂ ಕಳೆದುಕೊಂಡಿರಲಿಲ್ಲ. ಈ ಕೆಲಸ ಕೊನೆಗೇ ಇರಬೇಕು. ಕೆಂಪು ಉಳಿದಿರುವಾಗ ಗಾಢತೆ ಏರಿಸಿದರೆ ಮೊದಲು ಗಾಢವಾಗುವುದು ಆ ಕೆಂಪೇ.

ಹೆಣ್ಣಿನ ಮುಖ ಮಾತ್ರ ಪಕ್ಕದವರಿಗಿಂತ ಹಳದಿಯಾಗಿ ಉಳಿದಿತ್ತು. ಅದನ್ನು ಹಾಗೇ ಬಿಟ್ಟಿದ್ದೇವೆ. ಮದುವೆಯ ದಿನದ ಅರಿಶಿನ ಅದು.

ಇನ್ನೂ ಒಂದು ತೊಂದರೆ 100 ಪ್ರತಿಶತ ಗಾತ್ರದಲ್ಲಿ ನೋಡಿದಾಗ ಕಾಣುತ್ತದೆ. ಕೆಂಪು ಚಾನೆಲ್‌ನ 144 ಮೆಟ್ಟಿಲುಗಳನ್ನು 255ಕ್ಕೆ ಹಿಗ್ಗಿಸುವಾಗ ಅದರೊಳಗಿನ ತರಿಯೂ ಹಿಗ್ಗುತ್ತದೆ. ನೆರಳಿನಲ್ಲಿ, ಕೂದಲಿನಲ್ಲಿ ಕೆಂಪು ಮತ್ತು ನೀಲಿಹಸಿರಿನ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಆ ಕಾಲದ ಕೆಲವು ಪ್ರಿಂಟುಗಳ ಮೈ ಬಟ್ಟೆಯ ನೇಯ್ಗೆಯಂತೆ ತರಿತರಿಯಾಗಿರುತ್ತದೆ, ಅವುಗಳಲ್ಲಿ ಇದು ಇನ್ನೂ ಜೋರು. ಇಡೀ ಚಿತ್ರವನ್ನು ಮಸುಕು ಮಾಡಿದರೆ ಕಣ್ಣು ರೆಪ್ಪೆಗಳೂ ಹೋಗುತ್ತವೆ. ಮಾಡಬೇಕಾದದ್ದು ಇಷ್ಟು: GIMPನಲ್ಲಿ ಚಿತ್ರದ ಪದರದ, ಅಂದರೆ ಲೇಯರ್‌ನ, ಒಂದು ಪ್ರತಿ ಮಾಡಿಕೊಂಡು, ಮೇಲಿನ ಪ್ರತಿಗೆ Gaussian Blur 4 ಪಿಕ್ಸೆಲ್ ಕೊಟ್ಟು, ಅದರ Mode ಅನ್ನು LCh Color ಮಾಡುವುದು. ಆಗ ಬಣ್ಣ ಮಾತ್ರ ಮಸುಕಾದ ಪ್ರತಿಯಿಂದ ಬರುತ್ತದೆ, ಗೆರೆ ನೆರಳುಗಳು ಕೆಳಗಿನ ಸ್ಪಷ್ಟ ಪ್ರತಿಯಿಂದ. ಚುಕ್ಕೆಗಳು ಹೋಗಿ ಮುಖ ಚುರುಕಾಗಿಯೇ ಉಳಿಯಿತು. 8 ಪಿಕ್ಸೆಲ್ ದಾಟಿದರೆ ಕುಂಕುಮದ ಕೆಂಪು ಹಣೆಯ ಮೇಲೆ ಹರಡುತ್ತದೆ, ಅದೇ ಮಿತಿ.

ಈ ಫೋಟೊದ ಬಲ ಅಂಚಿನಲ್ಲಿ ಒಂದು ಬೆರಳಗಲದ ಪಟ್ಟಿ ಇಷ್ಟೆಲ್ಲ ಆದ ಮೇಲೂ ಹಳದಿಯಾಗಿತ್ತು. ಆಲ್ಬಮ್ಮಿನ ಗೋಂದು ಅಲ್ಲಿ ದಪ್ಪವಾಗಿ ಹಿಂದಿನಿಂದ ಅಂಟಿತ್ತು. ಒಂದೇ ಚಿತ್ರದಲ್ಲಿ ಎರಡು ಬಗೆಯ ಬಾಳು ಕಂಡ ಕಾಗದವಿದ್ದರೆ ಒಂದೇ ಲೆವೆಲ್ಸ್ ಎರಡಕ್ಕೂ ಸಲ್ಲುವುದಿಲ್ಲ. ಮತ್ತೊಂದು ಪ್ರತಿ ಮಾಡಿ, ಆ ಪಟ್ಟಿಯಲ್ಲಿ ಕಂಬ ಪಕ್ಕದ ಕಂಬಕ್ಕೆ ಹೊಂದುವವರೆಗೆ ನೀಲಿಯ ಬಲಗುಬ್ಬಿಯನ್ನು ಎಳೆದು, ಬಿಳಿಯಿದ್ದಲ್ಲಿ ಪದರವನ್ನು ತೋರಿಸಿ ಕಪ್ಪಿದ್ದಲ್ಲಿ ಮರೆಸುವ ಲೇಯರ್ ಮಾಸ್ಕನ್ನು ಆ ಪ್ರತಿಗೆ ಕಪ್ಪಾಗಿ ಹಾಕಿ, ಮಾಸ್ಕಿನ ಮೇಲೆ ಗ್ರೇಡಿಯಂಟ್ ಉಪಕರಣದಿಂದ ಅಂಚಿನಿಂದ ಒಳಕ್ಕೆ ಬಿಳಿಯಿಂದ ಕಪ್ಪು ಎಳೆದಾಗ ಪಟ್ಟಿ ಕರಗಿತು. ಫ್ರೇಮಿನಲ್ಲಿದ್ದ ಫೋಟೊಗಳಲ್ಲೂ ಇದೇ ಬಗೆ, ಫ್ರೇಮಿನ ಕಟ್ಟು ಮುಚ್ಚಿದ ಭಾಗ ಮತ್ತು ಬೆಳಕಿಗೆ ತೆರೆದಿದ್ದ ಭಾಗ ಬೇರೆ ಬೇರೆಯಾಗಿ ಹಾಳಾಗಿರುತ್ತವೆ.

ಒಂದೇ ಮದುವೆಯ, ಒಂದೇ ಸಲ ತೊಳೆಸಿದ, ಒಂದೇ ಆಲ್ಬಮ್ಮಿನಲ್ಲಿದ್ದ ಫೋಟೊಗಳು ಹೆಚ್ಚು ಕಡಿಮೆ ಒಂದೇ ಹದದಲ್ಲಿ ಬಣ್ಣ ಕಳೆದುಕೊಂಡಿರುತ್ತವೆ. ಹಿಂಬದಿಯಲ್ಲಿ ಕಾಗದದ ಕಂಪನಿಯ ಅಚ್ಚು ಒಂದೇ ಆಗಿದೆಯೇ ಎಂದು ನೋಡಿಕೊಂಡರೆ ಈ ಅಂದಾಜು ಇನ್ನೂ ಗಟ್ಟಿ. ಆಗ ಪ್ರತಿಯೊಂದನ್ನೂ ಸೊನ್ನೆಯಿಂದ ಶುರುಮಾಡಬೇಕಿಲ್ಲ. ಒಂದೇ ಸ್ಕ್ಯಾನರಿನಲ್ಲಿ ಒಂದೇ ಹೊಂದಿಕೆಯಲ್ಲಿ ತೆಗೆದ ಫೈಲುಗಳಾದರೆ ImageMagick ಎಂಬ ಉಚಿತ ತಂತ್ರಾಂಶಕ್ಕೆ ಇದೇ ಅಂಕಿಗಳನ್ನು ಕೊಡಬಹುದು. ಮೊದಲ ಅಂಕಿ ಎಡಗುಬ್ಬಿ, ಎರಡನೆಯದು ಬಲಗುಬ್ಬಿ, ಮೂರನೆಯದು ನಡು.

```
magick maduve-07.tif \
  -channel R -level 38.43%,94.90%,0.68 \
  -channel G -level 14.90%,88.24%,1.00 \
  -channel B -level 12.55%,76.86%,1.05 \
  +channel maduve-07-b.tif
```

ಇದು ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ, ಉಳಿದ ಐದಾರು ಅಂಕಿಗಳ ಹೊಂದಾಣಿಕೆ ಕೈಯಿಂದಲೇ ಆಗಬೇಕು. GIMP ಒಳಗಿರುವ Colors → Auto → White Balance ಕೂಡ ಚಾನೆಲ್‌ಗಳನ್ನು ಬೇರೆ ಬೇರೆಯಾಗಿಯೇ ಹಿಗ್ಗಿಸುತ್ತದೆ, ಆದರೆ ತುದಿಗಳನ್ನು ಮಾತ್ರ. ನಡುವಿನ ಬಾಗನ್ನು ಅದು ಮುಟ್ಟುವುದಿಲ್ಲ, ಮುಖ ಕೆಂಪಾಗಿ ಉಳಿಯುತ್ತದೆ. ಬಳಸುವುದಾದರೆ ಬಿಳಿ ಅಂಚು ಮತ್ತು ಸ್ಕ್ಯಾನರಿನ ಮುಚ್ಚಳದ ಕಪ್ಪು ನೆರಳನ್ನು ಮೊದಲು ಕತ್ತರಿಸಿ ತೆಗೆಯಬೇಕು. ಇಲ್ಲದಿದ್ದರೆ ಅದು ಅವನ್ನೇ ಚಿತ್ರದ ಬಿಳಿ, ಚಿತ್ರದ ಕಪ್ಪು ಎಂದು ಹಿಡಿದುಬಿಡುತ್ತದೆ.

ಎಲ್ಲ ಫೋಟೊಗಳೂ ಹೀಗೆ ಬಗ್ಗುವುದಿಲ್ಲ. ಅದೇ ಆಲ್ಬಮ್ಮಿನ ಕೊನೆಯ ಪುಟದ ಒಂದು ಪ್ರಿಂಟಿನಲ್ಲಿ ಕೂದಲಿನ ಕೆಂಪು ಅಂಕಿ 175, ಪಂಚೆಯದು 243. ಎರಡರ ನಡುವೆ ಬರೀ 68 ಮೆಟ್ಟಿಲು. ಅಷ್ಟನ್ನು ಹಿಗ್ಗಿಸಿದಾಗ ಬಂದದ್ದು ಚಿತ್ರಕ್ಕಿಂತ ಹೆಚ್ಚಾಗಿ ತರಿ. ಇಂಥ ಕಡೆ ಹಸಿರು ಚಾನೆಲ್‌ನಿಂದ ಸಾಲ ತರಬೇಕಾಗುತ್ತದೆ. ಲೆವೆಲ್ಸ್ ಮುಗಿಸಿದ ಮೇಲೆ Colors → Components → Channel Mixer ತೆರೆದು, ಕೆಂಪು ಚಾನೆಲ್‌ಗೆ 0.6 ಪಾಲು ಕೆಂಪು, 0.4 ಪಾಲು ಹಸಿರು ಬೆರೆಸಿದಾಗ ತರಿ ಅಡಗಿ ಮುಖದ ಆಕಾರ ನಿಂತಿತು. ಸಾಲಕ್ಕೆ ಬಡ್ಡಿಯಿದೆ: ಕೆಂಪು ಹಸಿರುಗಳ ವ್ಯತ್ಯಾಸದಲ್ಲಿ ಅಷ್ಟು ಪಾಲು ಹೋಯಿತು. ಕುಂಕುಮ ಇಟ್ಟಿಗೆಯ ಕಡೆಗೆ, ಎಲೆ ಬೂದಿಯ ಕಡೆಗೆ ಸರಿದವು. ಕುಂಕುಮ, ಸೀರೆಯ ಕೆಂಪು ಅಂಚು ಇರುವ ಜಾಗಗಳಲ್ಲಿ ಮಾಸ್ಕ್ ಹಾಕಿ ಬೆರೆಸದ ಪ್ರತಿಯನ್ನು ಉಳಿಸಿಕೊಂಡೆವು. ಎಲೆಗೆ ಹಾಗೆ ಮಾಡಲು ಆಗಲಿಲ್ಲ, ಅಲ್ಲಿ ಉಳಿಸಿಕೊಳ್ಳಲು ಕೆಳಗೆ ಹಸಿರೇ ಇರಲಿಲ್ಲ.

ಉಳಿಸುವಾಗ ಎರಡು ಫೈಲು. ತಿದ್ದದ ಸ್ಕ್ಯಾನ್ TIFF ಹಾಗೆಯೇ ಒಂದು ಕಡೆ, ತಿದ್ದಿದ್ದು ಪದರಗಳ ಸಮೇತ GIMPನ ಸ್ವಂತ ಬಗೆಯ ಫೈಲಾದ XCF ಆಗಿ ಇನ್ನೊಂದು ಕಡೆ. ಮೂರು ಚಾನೆಲ್‌ಗಳ ಒಂಬತ್ತು ಅಂಕಿಗಳನ್ನು ಫೈಲಿನ ಹೆಸರಿನ ಪಕ್ಕದಲ್ಲಿ ಬರೆದಿಟ್ಟದ್ದು ಇದೇ ಆಲ್ಬಮ್ಮಿನ ಮುಂದಿನ ಹದಿನೆಂಟು ಫೋಟೊಗಳಿಗೆ ಕೆಲಸಕ್ಕೆ ಬಂತು. ವಾಟ್ಸಾಪಿಗೆ ಕಳಿಸುವ ಜೆಪೆಗ್ ಅನ್ನು ಎಲ್ಲ ಮುಗಿದ ಮೇಲೆ ಸಾಮಾನ್ಯ ತೆರೆಗಳ ಬಣ್ಣದ ಮಾನವಾದ sRGBಯಲ್ಲಿ, 8 ಬಿಟ್‌ಗೆ ಇಳಿಸಿ ತೆಗೆದದ್ದು.